ತೊಗರಿಬೇಳೆ, ಕುಕ್ಕರ್ ಮತ್ತು 32 ದಿನಕ್ಕೇ ಮುಗಿಯುವ ಸಿಲಿಂಡರ್

ತುಮಕೂರು_ಸಾರು
ನಾಲ್ಕು ಜನರ ಮನೆ. 14.2 ಕೆಜಿ ಸಿಲಿಂಡರ್ ಮೊದಲು 45 ದಿನ ಬರ್ತಿತ್ತು, ಹೋದ ಎರಡು ಸಲ 32 ದಿನಕ್ಕೇ ಖಾಲಿ. ಅಡುಗೆ ಅದೇ. ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಒಂದೊಂದು ಲೋಟ ತೊಗರಿಬೇಳೆ ಕುಕ್ಕರ್‌ಗೆ ಇಟ್ಟು ಐದು ಕೂಗು ಕೂಗಿಸ್ತೀವಿ. ವಾರಕ್ಕೆರಡು ಸಲ ಕಾಳಿನ ಸಾರು. ಬದಲಾಗಿದ್ದು ಒಲೆ ಮಾತ್ರ, ಈಗ ಮೂರು ಬರ್ನರ್‌ನ ಗಾಜಿನ ಒಲೆ. ಬೇಳೆ ನೆನೆಸುವ ಅಭ್ಯಾಸ ಇಲ್ಲ. ನೆನೆಸಿದರೆ ಗ್ಯಾಸ್ ಉಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ. ಎಷ್ಟು ಉಳಿಯುತ್ತೆ ಅಂತ ಗ್ರಾಂ ಲೆಕ್ಕದಲ್ಲಿ ಹೇಳುವವರು ಇದ್ದಾರಾ?

ಸಣ್ಣುರಿ
ತುಂಬಾ ಸುಲಭ. ಯಾವಾಗಲೂ ಸಿಮ್‌ನಲ್ಲೇ ಅಡುಗೆ ಮಾಡಿ. ಉರಿ ಸಣ್ಣದಾದಷ್ಟೂ ಗ್ಯಾಸ್ ಕಡಿಮೆ. ಇದಕ್ಕೆ ಲೆಕ್ಕ ಯಾಕೆ ಬೇಕು?

ಲೆಕ್ಕದ_ಮೇಷ್ಟ್ರು
ಸಣ್ಣುರಿಯವರೇ, ನಿಮ್ಮ ಮಾತು ಅರ್ಧ ಸರಿ. ಕುದಿ ಬಂದ ಮೇಲೆ ಸಿಮ್ ಮಾಡಬೇಕು ಅನ್ನೋದು ನೂರಕ್ಕೆ ನೂರು ಒಪ್ಪುವ ಮಾತು. ಆದರೆ ತಣ್ಣೀರನ್ನು ಕುದಿಗೆ ತರುವಾಗಲೂ ಸಿಮ್ ಇಟ್ಟರೆ ಐದು ನಿಮಿಷದ ಕೆಲಸ ಅರ್ಧ ಗಂಟೆಗೆ ಹೋಗುತ್ತೆ. ಅಷ್ಟು ಹೊತ್ತೂ ಪಾತ್ರೆಯ ಮೈಯಿಂದ ಶಾಖ ಸೋರುತ್ತಲೇ ಇರುತ್ತೆ. ಕುದಿಗೆ ತರುವಾಗ ಉರಿ ಪಾತ್ರೆಯ ತಳ ತುಂಬಬೇಕು, ಆದರೆ ತಳ ದಾಟಿ ಆಚೆ ಬರಬಾರದು.

ತುಮಕೂರಿನವರ ಪ್ರಶ್ನೆಗೆ ಬರೋಣ. 14.2 ಕೆಜಿಯನ್ನು 45 ದಿನಕ್ಕೆ ಹಂಚಿದರೆ ದಿನಕ್ಕೆ 316 ಗ್ರಾಂ. 32 ದಿನಕ್ಕೆ ಹಂಚಿದರೆ 444 ಗ್ರಾಂ. ನಾವು ಹುಡುಕಬೇಕಾಗಿರೋದು ದಿನಕ್ಕೆ 128 ಗ್ರಾಂ. ಬೇಳೆ ನೆನೆಸದೇ ಇದ್ದದ್ದರಿಂದ ಇಷ್ಟೂ ಹೋಗಿರಲಾರದು, ಏಕೆಂದರೆ 45 ದಿನ ಬರ್ತಿದ್ದಾಗಲೂ ನೀವು ನೆನೆಸ್ತಿರಲಿಲ್ಲ.

ಈಗ ಒಂದು ಲೋಟ ಅಂದರೆ 200 ಗ್ರಾಂ ಬೇಳೆ, 600 ಮಿಲಿ ನೀರು, ಮೂರು ಲೀಟರ್‌ನ ಅಲ್ಯೂಮಿನಿಯಂ ಕುಕ್ಕರ್ ಅಂತ ಇಟ್ಟುಕೊಳ್ಳಿ. ದೊಡ್ಡ ಬರ್ನರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 155 ಗ್ರಾಂ ಗ್ಯಾಸ್ ತಿನ್ನುತ್ತೆ. ನೀರು, ಬೇಳೆ, ಕುಕ್ಕರ್ ಮೂರೂ ಕಾದು ಮೊದಲ ಕೂಗು ಬರೋಕೆ ಆರು ನಿಮಿಷ, ಹತ್ತಿರ ಹತ್ತಿರ 16 ಗ್ರಾಂ. ಇದನ್ನು ತಪ್ಪಿಸೋಕೆ ಆಗಲ್ಲ. ಇಲ್ಲಿಂದ ಮುಂದೆ ಏನು ಮಾಡ್ತೀರಿ ಅನ್ನೋದರ ಮೇಲೆ ಲೆಕ್ಕ ನಿಂತಿದೆ. ಅದೇ ಜೋರು ಉರಿಯಲ್ಲಿ ಇನ್ನೂ ಎಂಟು ನಿಮಿಷ ಕೂಗಿಸಿದರೆ ಮತ್ತೆ 21 ಗ್ರಾಂ. ಸಣ್ಣ ಬರ್ನರ್‌ಗೆ ಎತ್ತಿಟ್ಟು ಸಿಮ್ ಮಾಡಿದರೆ ಅದೇ ಎಂಟು ನಿಮಿಷಕ್ಕೆ 5 ಗ್ರಾಂ.

ಕುಕ್ಕರ್ ಒಳಗೆ ಎರಡೂ ಸಲ ಇರುವ ಬಿಸಿ ಒಂದೇ, ಸುಮಾರು 120 ಡಿಗ್ರಿ. ವೇಯ್ಟ್ ಎದ್ದ ಮೇಲೆ ಒಳಗಿನ ಒತ್ತಡ ಇನ್ನು ಮೇಲೆ ಏರಲ್ಲ. ಹೆಚ್ಚಿಗೆ ಕೊಟ್ಟ ಉರಿಯೆಲ್ಲ ಆವಿಯಾಗಿ ಕಿಟಕಿಯಿಂದ ಹೋಗುತ್ತೆ. ಬೇಳೆಯನ್ನು ಬೇಯಿಸೋದು ಆ ಬಿಸಿ ಮತ್ತು ಸಮಯ. ಕೂಗು ಬರೀ ಸದ್ದು.

ತುಮಕೂರು_ಸಾರು
ಅಂದ್ರೆ ನೆನೆಸಿದರೆ ಏನೂ ಉಳಿಯಲ್ವಾ?

ಲೆಕ್ಕದ_ಮೇಷ್ಟ್ರು
ಉಳಿಯುತ್ತೆ. ಆದರೆ ತೊಗರಿಬೇಳೆಗೆ, ಅದೂ ಕುಕ್ಕರ್‌ನಲ್ಲಿ ಸಿಮ್ ಮಾಡುವವರಿಗೆ, ಕಡಿಮೆ. ನೆನೆಸದ ಬೇಳೆಗೆ ಸಿಮ್‌ನಲ್ಲಿ 12 ರಿಂದ 14 ನಿಮಿಷ ಬೇಕು. ಮುಕ್ಕಾಲು ಗಂಟೆ ನೆನೆಸಿದ್ದಕ್ಕೆ ಏಳೆಂಟು ನಿಮಿಷ ಸಾಕು. ಸಿಮ್‌ನಲ್ಲಿ ಐದಾರು ನಿಮಿಷ ಉಳಿದರೆ 3-4 ಗ್ರಾಂ. ತೆರೆದ ಪಾತ್ರೆಯಲ್ಲಿ ಬೇಯಿಸುವವರ ಕಥೆಯೇ ಬೇರೆ. ನೆನೆಸದ ಬೇಳೆಗೆ ಅಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತೆ, ನೆನೆಸಿದರೆ ಅರ್ಧ ಗಂಟೆಯ ಒಳಗೆ ಮುಗಿಯುತ್ತೆ. ಆ ಕಾಲು ಗಂಟೆ ನಡು ಉರಿ ಅಂದರೆ ಇಪ್ಪತ್ತು ಗ್ರಾಂ ಹತ್ತಿರ.

ಕಾಳಿನಮ್ಮ
ಬೇಳೆಯ ಮಾತು ಮೇಷ್ಟ್ರು ಹೇಳಿದ್ದು ಸರಿ. ಕಾಳಿಗೆ ಮಾತ್ರ ನೆನೆಸಲೇಬೇಕು. ಕಡಲೆಕಾಳು ಎಂಟು ಗಂಟೆ ನೆನೆದಿದ್ದರೆ ಮೊದಲ ಕೂಗಿನ ನಂತರ ಸಿಮ್‌ನಲ್ಲಿ ಹದಿನೈದು ನಿಮಿಷ ಸಾಕು. ಒಣಕಾಳನ್ನೇ ಹಾಕಿದರೆ ಮುಕ್ಕಾಲು ಗಂಟೆ ಆದರೂ ಸಿಪ್ಪೆ ಸುಕ್ಕಾಗಿ ನಡು ಗಟ್ಟಿಯಾಗೇ ಇರುತ್ತೆ. ಬೇಳೆಗೆ ಸಿಪ್ಪೆ ಇಲ್ಲ, ಒಡೆದ ಮೈಯಿಂದ ನೀರು ಬೇಗ ಇಳಿಯುತ್ತೆ. ಕಾಳಿನ ಸಿಪ್ಪೆ ನೀರನ್ನು ತಡೆಯುತ್ತೆ, ಆರಂಭದಲ್ಲಿ ಹೊಕ್ಕುಳಿನ ಕಡೆಯಿಂದ ಮಾತ್ರ ಒಳಗೆ ಹೋಗುತ್ತೆ. ಒಲೆಯ ಮೇಲೆ ಆಗಬೇಕಾದ ಆ ಕೆಲಸ ರಾತ್ರಿ ಬಟ್ಟಲಲ್ಲಿ ಪುಕ್ಕಟೆ ಆಗಿಹೋಗುತ್ತೆ.

ಕಾಳಿನ ಮೂರು ಪಾಲು ನೀರು ಇಡಿ. ಕಾಳು ಎರಡರಷ್ಟು ಊದುತ್ತೆ, ನೀರು ಕಡಿಮೆಯಾದರೆ ಮೇಲಿನವು ಒಣಗಿಯೇ ಉಳಿಯುತ್ತವೆ. ನೆನೆದಿದೆಯಾ ನೋಡೋಕೆ ಒಂದು ಕಾಳನ್ನು ಉಗುರಿನಿಂದ ಎರಡು ಹೋಳು ಮಾಡಿ. ನಡುವೆ ಬಿಳಿ, ಒಣ ಚುಕ್ಕೆ ಕಂಡರೆ ಇನ್ನೂ ಆಗಿಲ್ಲ. ಬೆಳಿಗ್ಗೆ ಮರೆತಿದ್ದರೆ ಕುದಿಯುವ ನೀರು ಹಾಕಿ ಮುಚ್ಚಿಟ್ಟರೆ ಒಂದೂವರೆ ಎರಡು ಗಂಟೆಯಲ್ಲಿ ಬಹುಪಾಲು ನೆನೆಯುತ್ತೆ. ಬೇಸಿಗೆಯಲ್ಲಿ ಎಂಟು ಗಂಟೆ ದಾಟಿಸಬೇಡಿ, ನೊರೆ ಬಂದು ಹುಳಿ ವಾಸನೆ ಹಿಡಿಯುತ್ತೆ. ರಾಜ್ಮಾ ಆದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಚೆನ್ನಾಗಿ ಕುದಿಸಿ ಬೇಯಿಸಿ. ಗ್ಯಾಸ್ ಉಳಿಸೋಕೆ ಅಂತ ಅದನ್ನು ಅರೆಬೇಯಿಸಿ ಬಿಟ್ಟರೆ ವಾಂತಿ ಗ್ಯಾರಂಟಿ.

ಜೋಳದರೊಟ್ಟಿ
ನಮ್ಮ ಕಡೆ ಬೋರ್‌ವೆಲ್ ನೀರ್ರಿ. ಇಡೀ ರಾತ್ರಿ ನೆನೆಸಿದ್ರೂ ಬ್ಯಾಳಿ ಕರಗೋದಿಲ್ಲ, ಕಾಳು ಅಂತೂ ಕೇಳಬ್ಯಾಡ್ರಿ. ಏಳು ಸೀಟಿ ಹೊಡಿಸ್ತೀವಿ. ಇದಕ್ಕ ಸೋಡಾ ಹಾಕೋದು ಒಂದ ದಾರಿ ಅಂತಾರ.

ಕಾಳಿನಮ್ಮ
ಗಡಸು ನೀರಿನ ಕ್ಯಾಲ್ಸಿಯಂ ಹೋಗಿ ಕಾಳಿನೊಳಗಿನ ಅಂಟಿನ ಜೊತೆ ಸೇರಿ ಗಟ್ಟಿ ಮಾಡುತ್ತೆ ರೀ, ಅದಕ್ಕೇ ಎಷ್ಟು ಕೂಗಿದರೂ ಕರಗಲ್ಲ. ಕುಡಿಯೋಕೆ ಫಿಲ್ಟರ್ ನೀರು ಇದ್ದರೆ ನೆನೆಸೋಕೂ ಬೇಯಿಸೋಕೂ ಅದನ್ನೇ ಹಾಕಿ, ದಿನಕ್ಕೆ ಒಂದೂವರೆ ಲೀಟರ್ ಅಷ್ಟೇ. ಫಿಲ್ಟರ್ ಇಲ್ಲವಾದರೆ ನೆನೆಸುವ ನೀರಿಗೆ ಲೀಟರ್‌ಗೆ ಎರಡು ಚಮಚ ಉಪ್ಪು ಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ ತೊಳೆದು ಬೇಯಿಸಿ. ಉಪ್ಪು ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂನ ಜಾಗಕ್ಕೆ ಬರುತ್ತೆ, ಸಿಪ್ಪೆ ಮೆತ್ತಗಾಗುತ್ತೆ. ಸೋಡಾದಿಂದ ಬೇಯೋದು ನಿಜ. ಆದರೆ ಒಂದು ಚಿಟಿಕೆ ಹೆಚ್ಚಾದರೂ ಸಾಬೂನಿನ ರುಚಿ ಬರುತ್ತೆ, ಬಿ1 ವಿಟಮಿನ್ನೂ ಹಾಳಾಗುತ್ತೆ.

ಇನ್ನೊಂದು. ಬೇಳೆಯ ಜೊತೆಗೇ ಟೊಮೆಟೊ, ಹುಣಸೆಹುಳಿ ಹಾಕಿ ಕೂಗಿಸ್ತೀರಾ? ಹುಳಿ ಬಿದ್ದರೆ ಬೇಳೆ ಬೇಯೋದು ನಿಧಾನ. ಬೆಂದ ಮೇಲೆ ಹಾಕಿ.

ಜೋಳದರೊಟ್ಟಿ
ಟೊಮೆಟೊ ಕೂಡೇ ಹಾಕ್ತೀವ್ರಿ. ಅಂದ್ರ ಎರಡೂ ತಪ್ಪು ನಮ್ದಽ.

ಬಾಯಿಮುಚ್ಚಳ
ಕುಕ್ಕರ್ ಇಲ್ಲದೆ ಪಾತ್ರೆಯಲ್ಲೇ ಬೇಳೆ ಬೇಯಿಸ್ತೀನಿ, ರುಚಿ ಅದರಲ್ಲೇ. ಮುಚ್ಚಿದರೆ ಉಕ್ಕಿ ಒಲೆಯೆಲ್ಲ ಹಾಳು. ಅದಕ್ಕೆ ಮುಚ್ಚದೇ ಕುದಿಸೋದು. ಮುಚ್ಚಳದಿಂದ ಅಷ್ಟೊಂದು ವ್ಯತ್ಯಾಸ ಇದೆಯಾ?

ಲೆಕ್ಕದ_ಮೇಷ್ಟ್ರು
ಇಡೀ ಚರ್ಚೆಯಲ್ಲಿ ಅತಿ ದೊಡ್ಡ ವ್ಯತ್ಯಾಸ ಅದೇ. ಒಂದು ಲೀಟರ್ ತಣ್ಣೀರನ್ನು ಕುದಿಗೆ ತರೋಕೆ 11-12 ಗ್ರಾಂ ಗ್ಯಾಸ್ ಸಾಕು. ಅದೇ ಒಂದು ಲೀಟರ್ ಪೂರ್ತಿ ಆವಿಯಾಗಿ ಹೋಗೋಕೆ 80 ಗ್ರಾಂ ಬೇಕು. ಕುದಿಸೋದಕ್ಕಿಂತ ಇಂಗಿಸೋದು ಏಳು ಪಟ್ಟು ದುಬಾರಿ. ಹಾಗಾಗಿ ಪಾತ್ರೆಯಿಂದ ಎಷ್ಟು ನೀರು ಆವಿಯಾಗಿ ಹೋಯ್ತು ಅಂತ ನೋಡಿದರೆ ಎಷ್ಟು ಗ್ಯಾಸ್ ಹಾಳಾಯ್ತು ಅಂತ ಗೊತ್ತಾಗುತ್ತೆ. 100 ಗ್ರಾಂ ನೀರು ಹೋದರೆ 8 ಗ್ರಾಂ ಗ್ಯಾಸ್.

ಅಡುಗೆಮನೆ ತಕ್ಕಡಿ ಇದ್ದವರು ಇದನ್ನು ಮನೆಯಲ್ಲೇ ಅಳೆಯಬಹುದು. ಒಲೆಗೆ ಇಡುವ ಮುಂಚೆ ಪಾತ್ರೆಯನ್ನು ಬೇಳೆ, ನೀರು, ಮುಚ್ಚಳ ಸಮೇತ ತೂಗಿ. ಬೆಂದ ಮೇಲೆ ಮತ್ತೆ ತೂಗಿ. ಕಳೆದುಹೋಗಿದ್ದು ಆವಿ. ಸಿಲಿಂಡರನ್ನೇ ತೂಗೋಕೆ ಹೋಗಬೇಡಿ, ಮನುಷ್ಯರನ್ನು ತೂಗುವ ತಕ್ಕಡಿ ನೂರು ಗ್ರಾಂ ಆಚೀಚೆ ತೋರಿಸುತ್ತೆ. ಒಂದು ಹೊತ್ತಿನ ವ್ಯತ್ಯಾಸ ಅದರಲ್ಲಿ ಕಾಣಲ್ಲ.

ಉಕ್ಕೋದಕ್ಕೆ ಕಾರಣ ಮುಚ್ಚಳ ಅಲ್ಲ, ಮುಚ್ಚಿದ ಮೇಲೂ ಉರಿ ಇಳಿಸದೇ ಇರೋದು. ಮುಚ್ಚಿದ ಪಾತ್ರೆಗೆ ಕುದಿ ಹಿಡಿದಿಡೋಕೆ ಸಿಮ್ ಸಾಕು. ಕೊತಕೊತ ಕುದಿಯೋ ನೀರೂ ಸಣ್ಣಗೆ ಗುಳುಗುಳು ಅನ್ನೋ ನೀರೂ ಒಂದೇ ಬಿಸಿ.

ಕಾಳಿನಮ್ಮ
ಬೇಳೆಗೆ ಮೊದಲ ನೊರೆ ಏಳುವಾಗ ಮುಚ್ಚಬೇಡಿ. ಆ ನೊರೆಯನ್ನು ಸೌಟಿನಿಂದ ತೆಗೆದು, ಅರ್ಧ ಚಮಚ ಎಣ್ಣೆ, ಅರಿಶಿನ ಹಾಕಿ, ಉರಿ ಇಳಿಸಿ ಆಮೇಲೆ ತಟ್ಟೆ ಮುಚ್ಚಿ. ಒಂದು ಕಡೆ ಮರದ ಸೌಟು ಕೊಟ್ಟು ಸಣ್ಣ ಸಂದು ಬಿಟ್ಟರೂ ಆಗುತ್ತೆ.

ಮಡಿಕೇರಿ_ಮಳೆ
ನಮ್ಮಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸೋದು ಅಂದರೆ ತಪಸ್ಸು. ನೀರು 96 ಡಿಗ್ರಿಗೇ ಕುದಿಯುತ್ತೆ, ಅದರ ಮೇಲೆ ಏರಲ್ಲ. ಉರಿ ಜೋರು ಮಾಡಿದರೆ ನೀರು ಇಂಗುತ್ತೆ, ಬೇಳೆ ಹಾಗೇ ಇರುತ್ತೆ. ಬೆಟ್ಟದ ಊರಲ್ಲಿ ಕುಕ್ಕರ್ ಬಿಟ್ಟು ಬೇರೆ ದಾರಿ ಇಲ್ಲ. ಬೆಂಗಳೂರಲ್ಲೂ ಕುದಿ 97 ಡಿಗ್ರಿಗೇ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಇಡ್ಲಿಪಾತ್ರೆ
ಉದ್ದಿನಬೇಳೆ ಎಷ್ಟು ಹೊತ್ತು ನೆನೆಸಬೇಕು? ಐದು ಗಂಟೆ ನೆನೆಸಿದರೂ ಹಿಟ್ಟು ಉಬ್ಬುತ್ತಿಲ್ಲ.

ಬಾಯಿಮುಚ್ಚಳ
ಸ್ವಾಮಿ, ಇಲ್ಲಿ ಗ್ಯಾಸ್ ಉಬ್ಬರ ಇಳಿಸೋ ಮಾತು ನಡೀತಿದೆ, ಹಿಟ್ಟಿನದ್ದಲ್ಲ 😀

ಬರ್ನರ್_ರಿಪೇರಿ
ತುಮಕೂರಿನವರು ಒಲೆ ಬದಲಾಯಿಸಿದ್ದೀನಿ ಅಂದ್ರಲ್ಲ, ಅದರ ಬಗ್ಗೆ ಯಾರೂ ಕೇಳಲಿಲ್ಲ. ಮೂರು ಬರ್ನರ್ ಒಲೆಗಳಲ್ಲಿ ಒಂದು ಬರ್ನರ್ ಉಳಿದವಕ್ಕಿಂತ ದೊಡ್ಡದಿರುತ್ತೆ, ಕೈಗೆ ಹತ್ತಿರ ಇದೆ ಅಂತ ಜನ ಅದರ ಮೇಲೇ ಎಲ್ಲ ಇಡ್ತಾರೆ. ನೀವು ಸಾಮಾನ್ಯವಾಗಿ ಬಳಸುವ ಪಾತ್ರೆಯನ್ನು ಬೋರಲು ಹಾಕಿ ತಳದ ಅಗಲ ಟೇಪ್ ಹಿಡಿದು ಅಳೆಯಿರಿ. ಬಾಯಿಯ ಅಗಲ ಅಲ್ಲ, ಚಪ್ಪಟೆಯಾಗಿರೋ ತಳ. ಆಮೇಲೆ ಒಲೆ ಹಚ್ಚಿ, ಕಣ್ಣನ್ನು ಪಾತ್ರೆಯ ತಳದ ಮಟ್ಟಕ್ಕೆ ತಂದು ದೂರದಿಂದ ನೋಡಿ. ನೀಲಿ ಉರಿಯ ತುದಿ ತಳದ ಅಂಚಿಗಿಂತ ಒಂದು ಬೆರಳು ಒಳಗೇ ನಿಲ್ಲಬೇಕು. ಅಂಚು ದಾಟಿ ಪಾತ್ರೆಯ ಪಕ್ಕಕ್ಕೆ ಹತ್ತುತ್ತಿದ್ದರೆ ನೀವು ಅಡುಗೆಮನೆಯ ಗಾಳಿಯನ್ನು ಕಾಯಿಸ್ತಾ ಇದ್ದೀರಿ. ಹಿಡಿ ಮುಟ್ಟೋಕಾಗದಷ್ಟು ಬಿಸಿಯಾಗೋದು, ಹಿಡಿಯ ಬುಡ ಕಂದು ತಿರುಗೋದು ಇದರದ್ದೇ ಗುರುತು.

ತುಮಕೂರು_ಸಾರು
ಅಳೆದೆ ಸರ್. ಡಬರಿ ತಳ 14 ಸೆಂ.ಮೀ. ದೊಡ್ಡ ಬರ್ನರ್ ಪೂರ್ತಿ ಇಟ್ಟರೆ ಉರಿ ಸುತ್ತ ಎರಡು ಬೆರಳು ಆಚೆ ಬರ್ತಿದೆ. ಹಿಡಿ ಕಂದು ಆಗಿದೆ. ಕುಕ್ಕರ್ ತಳ 17, ಅದಕ್ಕೆ ಪರವಾಗಿಲ್ಲ.

ಬರ್ನರ್_ರಿಪೇರಿ
ಈಗ ಅದೇ ಡಬರಿಗೆ ಒಂದು ಲೀಟರ್ ನೀರು ಹಾಕಿ, ಮುಚ್ಚಿ, ಎರಡು ಬರ್ನರ್‌ನಲ್ಲೂ ಕುದಿ ಬರೋ ಸಮಯ ನೋಡಿ. ಎರಡನೇ ಸಲ ಪಾತ್ರೆ ಪೂರ್ತಿ ಆರಿರಬೇಕು, ತಳ ಒರೆಸಿರಬೇಕು.

ತುಮಕೂರು_ಸಾರು
ದೊಡ್ಡದರಲ್ಲಿ 5 ನಿಮಿಷ 50 ಸೆಕೆಂಡ್. ಸಣ್ಣದರಲ್ಲಿ 6 ನಿಮಿಷ 15. ಇಷ್ಟೇನಾ? ನಾನು ದುಪ್ಪಟ್ಟು ಹೊತ್ತು ಹಿಡಿಯುತ್ತೆ ಅಂದುಕೊಂಡಿದ್ದೆ.

ಲೆಕ್ಕದ_ಮೇಷ್ಟ್ರು
ದೊಡ್ಡದಕ್ಕೆ ಗಂಟೆಗೆ 155 ಗ್ರಾಂ ಹಿಡಿದರೆ ಸುಮಾರು 15 ಗ್ರಾಂ. ಸಣ್ಣದಕ್ಕೆ 110 ಹಿಡಿದರೆ ಹನ್ನೊಂದೂವರೆ. ಮೂರೂವರೆ ಗ್ರಾಂ ಕೊಟ್ಟು 25 ಸೆಕೆಂಡ್ ಕೊಂಡಿರಿ. ನಿಮ್ಮ ಒಲೆಯ ಜೊತೆ ಬಂದ ಪುಸ್ತಕದಲ್ಲಿ ಬರ್ನರ್‌ಗೆ ಗಂಟೆಗೆ ಎಷ್ಟು ಗ್ಯಾಸ್ ಅಂತ ಬರೆದಿದ್ದರೆ ನನ್ನ ಅಂಕಿ ತೆಗೆದು ಅದನ್ನು ಹಾಕಿಕೊಳ್ಳಿ. ಕಾಫಿ, ಹಾಲು, ಒಗ್ಗರಣೆ, ಸಾರು ಬಿಸಿ ಮಾಡೋದು ಅಂತ ದಿನಕ್ಕೆ ಎಂಟು ಹತ್ತು ಸಲ ಆ ಡಬರಿ ಒಲೆ ಹತ್ತುತ್ತೆ. 25-30 ಗ್ರಾಂ ಇಲ್ಲೇ ಸಿಕ್ಕಿತು.

ಸಣ್ಣುರಿ
ನಾನು ಹೇಳಿದ್ದೂ ಅದೇ ಅಲ್ಲವೇ, ಸಣ್ಣ ಉರಿ!

ಬರ್ನರ್_ರಿಪೇರಿ
ಸಣ್ಣ ಬರ್ನರ್ ಪೂರ್ತಿ ಉರಿಯೋದೂ, ದೊಡ್ಡ ಬರ್ನರನ್ನು ಸಿಮ್ ಮಾಡೋದೂ ಬೇರೆ ಬೇರೆ. ಆದರೂ ಈ ಸಲ ನೀವು ಗೆದ್ದಿರಿ ಅಂತಲೇ ಇಟ್ಟುಕೊಳ್ಳಿ.

ಉರಿಯ ಬಣ್ಣವನ್ನೂ ಒಮ್ಮೆ ನೋಡಿ. ಹಳದಿ ತುದಿ ಇದ್ದರೆ, ಪಾತ್ರೆಯ ತಳಕ್ಕೆ ಮಸಿ ಹತ್ತುತ್ತಿದ್ದರೆ ಬರ್ನರ್‌ಗೆ ಗಾಳಿ ಸಾಕಾಗ್ತಿಲ್ಲ. ಉಕ್ಕಿದ ಹಾಲು, ಬೇಳೆ ಕಟ್ಟು ತೂತುಗಳಲ್ಲಿ ಒಣಗಿ ಕೂತಿರುತ್ತೆ. ಹಿತ್ತಾಳೆಯ ಟೋಪಿ ತೆಗೆದು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಪಿನ್ನಿನಿಂದ ಒಂದೊಂದೇ ತೂತು ಬಿಡಿಸಿ, ಪೂರ್ತಿ ಒಣಗಿಸಿ ಇಡಿ. ತೂತನ್ನು ದೊಡ್ಡದು ಮಾಡಬೇಡಿ. ಒಳಗಿನ ಜೆಟ್‌ಗೆ ಮಾತ್ರ ಕೈ ಹಾಕಬೇಡಿ, ಅದು ಮೆಕ್ಯಾನಿಕ್ ಕೆಲಸ. ಸಿಮ್ ಇಟ್ಟಾಗ ಉರಿ ಆರಿಹೋಗ್ತಿದ್ದರೆ ಮೊದಲು ಫ್ಯಾನ್ ಆಫ್ ಮಾಡಿ ನೋಡಿ.

ತುಮಕೂರು_ಸಾರು
ಎರಡು ದಿನ ಕುಕ್ಕರ್ ತೂಗಿದೆ. ಐದು ಕೂಗು ಜೋರು ಉರಿಯಲ್ಲಿ: 160 ಗ್ರಾಂ ಕಡಿಮೆ. ಒಂದು ಕೂಗು, ಸಿಮ್, ಮುಕ್ಕಾಲು ಗಂಟೆ ನೆನೆಸಿದ ಬೇಳೆ, 8 ನಿಮಿಷ, ತಾನೇ ತಣಿಯೋಕೆ ಬಿಟ್ಟದ್ದು: 25 ಗ್ರಾಂ. ಬೇಳೆ ಎರಡು ದಿನವೂ ಒಂದೇ ಥರ ಬೆಂದಿತ್ತು. ಮೊದಲ ಸಲ ಸಿಮ್ ಮಾಡಿದಾಗ ನೀರು ಹೆಚ್ಚಾಗಿ ಬೇಳೆ ತೆಳ್ಳಗಾಯ್ತು, ಅದು ಯಾಕೆ?

ಕಾಳಿನಮ್ಮ
ಆವಿಯಾಗಿ ಹೋಗ್ತಿದ್ದ ನೀರು ಈಗ ಒಳಗೇ ಉಳೀತಿದೆ, ನೆನೆಯುವಾಗಲೂ ಬೇಳೆ ನೀರು ಕುಡಿದಿದೆ. ನೆನೆಸಿದ ಬೇಳೆ ಸೋಸಿ ಹಾಕೋದಾದರೆ 600ರ ಬದಲು 400 ಮಿಲಿ ಸಾಕು. ನೀರು ಕಮ್ಮಿಯಾದರೆ ಕುದಿಗೂ ಬೇಗ ಬರುತ್ತೆ. ಬೇಳೆ ನೀರು ಸೇರಿ ಕುಕ್ಕರ್ ಅರ್ಧ ದಾಟಬಾರದು ಅನ್ನೋದು ಮಾತ್ರ ನೆನಪಿರಲಿ, ವೇಯ್ಟ್ ತೂತಿಗೆ ನೊರೆ ಹೋಗುತ್ತೆ.

ಲೆಕ್ಕದ_ಮೇಷ್ಟ್ರು
ತಾನೇ ತಣಿಯೋಕೆ ಬಿಟ್ಟಿರಲ್ಲ, ಅದೂ ಲಾಭವೇ. ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಒಳಗೆ ನೂರು ಡಿಗ್ರಿಯ ಮೇಲೇ ಇರುತ್ತೆ, ಬೇಳೆ ಬೇಯುತ್ತಲೇ ಇರುತ್ತೆ. ಚಮಚದಿಂದ ವೇಯ್ಟ್ ಎತ್ತಿ ಆವಿ ಬಿಡುವವರು ಆ ಪುಕ್ಕಟೆ ಹತ್ತು ನಿಮಿಷವನ್ನು ಚೆಲ್ಲಿಬಿಡ್ತಾರೆ.

ಎರಡು ಹೊತ್ತಿಗೆ 270 ಗ್ರಾಂ ಆವಿ ಉಳಿದರೆ 22 ಗ್ರಾಂ ಗ್ಯಾಸ್. ಆದರೆ ಇದು ನಿಮ್ಮ ಹಳೇ ಅಭ್ಯಾಸ, 128ರ ಒಳಗೆ ಸೇರಲ್ಲ. ಆ 128ರಲ್ಲಿ ಡಬರಿ 30 ತೆಗೆದುಕೊಂಡರೆ ಇನ್ನೂ ಸುಮಾರು ನೂರು ಗ್ರಾಂ ಉಳಿಯಿತು. ಒಲೆಯ ಮೇಲೆ ಬೇರೆ ಏನಾದರೂ ಹೊಸದಾಗಿ ಇಡ್ತಿದ್ದೀರಾ?

ತುಮಕೂರು_ಸಾರು
ಅಡುಗೆ ಅಲ್ಲ. ಗೀಸರ್ ಕೆಟ್ಟು ಎರಡು ತಿಂಗಳಾಯ್ತು, ಮಕ್ಕಳ ಸ್ನಾನಕ್ಕೆ ಅರ್ಧ ಬಕೆಟ್ ನೀರು ಕಾಯಿಸ್ತೀವಿ. ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಬಾಯಿಮುಚ್ಚಳ
ಇಷ್ಟು ಹೊತ್ತು ಬೇಳೆಯನ್ನು ಬೈದಿದ್ದು ಸುಮ್ಮನೇ!

ಲೆಕ್ಕದ_ಮೇಷ್ಟ್ರು
ಎಂಟು ಲೀಟರ್ ನೀರನ್ನು 70 ಡಿಗ್ರಿಗೆ ತಂದರೆ 65 ಗ್ರಾಂ ಗ್ಯಾಸ್. ಮುಚ್ಚದೇ ಕೊತಕೊತ ಕುದಿಸಿ ಆಮೇಲೆ ತಣ್ಣೀರು ಬೆರೆಸ್ತಿದ್ದರೆ ನೂರು ದಾಟುತ್ತೆ. ಅಗಲ ತಳದ ತಪ್ಪಲೆ, ಮೇಲೆ ತಟ್ಟೆ, ತಳದಿಂದ ಸಣ್ಣ ಗುಳ್ಳೆ ಏಳೋಕೆ ಶುರುವಾದ ಕೂಡಲೇ ಆಫ್. ದೊಡ್ಡ ಬರ್ನರ್ ಸಾರ್ಥಕ ಆಗೋದು ಈ ಕೆಲಸಕ್ಕೆ ಮಾತ್ರ.

ಬರ್ನರ್_ರಿಪೇರಿ
ಆದರೂ ಹೊಸ ಒಲೆ ಕೂರಿಸಿದ ಮೇಲೆ ಪೈಪ್ ಜೋಡಣೆಗೆ ಸಾಬೂನು ನೊರೆ ಹಚ್ಚಿ ಒಮ್ಮೆ ನೋಡಿಬಿಡಿ. ಒಲೆಯ ಗುಬುಟು ಆಫ್, ರೆಗ್ಯುಲೇಟರ್ ಆನ್. ರೆಗ್ಯುಲೇಟರ್ ಹತ್ತಿರ, ಒಲೆಗೆ ಪೈಪ್ ಸೇರುವ ಜಾಗದಲ್ಲಿ ಗುಳ್ಳೆ ಊದಿದರೆ ಸೋರಿಕೆ ಇದೆ. ಕಡ್ಡಿ ಗೀರಿ ನೋಡೋ ಸಾಹಸ ಬೇಡ. ಗುಳ್ಳೆ ಕಂಡರೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆಗೆದು, ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ತುಮಕೂರು_ಸಾರು
ನೊರೆ ಹಚ್ಚಿದೆ, ಗುಳ್ಳೆ ಇಲ್ಲ. ಸಿಲಿಂಡರ್ ನಿನ್ನೆ ಬದಲಾಯಿಸಿದ್ದೀನಿ, ತಾರೀಕು ಬರೆದಿಟ್ಟಿದ್ದೀನಿ.

ಕಾಳಿನಮ್ಮ
ಹುರುಳಿ ಕಟ್ಟು ಮಾಡೋ ವಾರ ಬಂದರೆ ಅದನ್ನು ಬೇರೆ ಬರೆದಿಡಿ. ಕಟ್ಟು ಗಟ್ಟಿಯಾಗೋಕೆ ನೀರು ಇಂಗಲೇಬೇಕು, ಅಲ್ಲಿ ಮುಚ್ಚಳ ನಡೆಯಲ್ಲ. ಹುರುಳಿಯನ್ನು ಕುಕ್ಕರ್‌ನಲ್ಲೇ ಕಡಿಮೆ ನೀರಲ್ಲಿ ಬೇಯಿಸಿ ಗಟ್ಟಿ ಕಟ್ಟು ತೆಗೀತೀನಿ ನಾನು.

ಜೋಳದರೊಟ್ಟಿ
ಅದು ಕಟ್ಟು ಹೆಂಗ ಆಗ್ತದ್ರಿ ಅಕ್ಕಾರ? ತಾಸುಗಟ್ಟಲೆ ಕುದಿಸಿದ್ರನ ಆ ರುಚಿ.

ಕಾಳಿನಮ್ಮ
ನಾಳೆ ಎರಡನ್ನೂ ಮಾಡಿ, ಬರೀ ಒಗ್ಗರಣೆ ಹಾಕಿ, ಯಾವುದು ಯಾವುದು ಅಂತ ಹೇಳದೆ ಮನೆಯವರಿಗೆ ಬಡಿಸಿ ನೋಡಿ ರೀ.